4.5 ಸ್ಟಾರ್‌ನ ಸಾಲದ ಆ್ಯಪ್ ಸಿಕ್ಕಿಬಿದ್ದ ಬಗೆ: ನನ್ನ ಅನುಭವ

ಮುಂಬೈ ಪಕ್ಕದ ಡೊಂಬಿವಲಿ ಪೂರ್ವದಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಗಿರಾಕಿಗಳಲ್ಲಿ ಅರ್ಧದಷ್ಟು ಜನ ಹೋಟೆಲ್‌ಗಳಲ್ಲಿ ಕೆಲಸ ಮಾಡುವ ಕುಂದಾಪುರ, ಬೈಂದೂರು ಕಡೆಯ ಹುಡುಗರು. ಡಿಸ್‌ಪ್ಲೇ, ಬ್ಯಾಟರಿ ಕೆಲಸ ನಿಮಗೆಲ್ಲ ಗೊತ್ತಿರುವುದೇ. ನಾನು ಬರೆಯಲು ಕೂತಿದ್ದು ಸಾಲದ ಆ್ಯಪ್ ಹಾಕಿಕೊಡುವ ಮೊದಲು ನಾನು ಮಾಡುವ ತಪಾಸಣೆ ಬಗ್ಗೆ. "ಪ್ಲೇ ಸ್ಟೋರ್‌ನಲ್ಲೇ ಇದೆ, ರೇಟಿಂಗೂ ಚೆನ್ನಾಗಿದೆ, ಇನ್ನೇನು ನೋಡ್ತೀಯ ಮಾರಾಯ, ಸುಮ್ನೆ ಟೈಮ್ ಹಾಳು" ಎಂದು ಕಲ್ಯಾಣದಲ್ಲಿ ಇದೇ ಧಂಧೆ ಮಾಡುವ ನನ್ನ ಗೆಳೆಯ ಒಂದು ವರ್ಷ ಹೇಳುತ್ತಲೇ ಇದ್ದ. ಈಗ ಅವನೇ ಲಿಂಕ್ ಕಳಿಸಿ, ನೋಡಿ ಹೇಳು ಅನ್ನುತ್ತಾನೆ.

ಇದಕ್ಕೆ ಕೈ ಹಾಕಿದ್ದು ಒಬ್ಬ ಅಡುಗೆ ಭಟ್ಟರ ದೆಸೆಯಿಂದ. ಅವರು ಆ್ಯಪ್‌ನಲ್ಲಿ 8,000 ಸಾಲ ಕೇಳಿದ್ದರು. ಕೈಗೆ ಬಂದಿದ್ದು 5,000ಕ್ಕೂ ಕಡಿಮೆ. ಏಳೇ ದಿನದಲ್ಲಿ ಪೂರ್ತಿ ಕಟ್ಟಬೇಕಿತ್ತು. ಎರಡು ತಿಂಗಳಲ್ಲಿ ಹತ್ತಿರ ಹತ್ತಿರ 22,000 ಕಟ್ಟಿದರು. ಅಷ್ಟರಲ್ಲಿ ಊರಿನ ಅಕ್ಕ, ಭಾವ, ದೇವಸ್ಥಾನದ ಮೊಕ್ತೇಸರರಿಗೂ ಫೋನ್ ಹೋಗಿತ್ತು. ಆ ಆ್ಯಪ್ ಹಾಕಿಕೊಟ್ಟವನು ನಾನೇ. ಅದು ನನ್ನನ್ನು ಬಹಳ ದಿನ ಕಾಡಿತು.

ಮೊದಲ ಪ್ರಯತ್ನಗಳೆಲ್ಲ ನೆಲಕಚ್ಚಿದವು. ವೈರಸ್ ಸ್ಕ್ಯಾನ್ ಮಾಡಿದೆ, ಕ್ಲೀನ್ ಎಂದೇ ಬಂತು. ಬರಲೇಬೇಕಲ್ವಾ, ಅದು ವೈರಸ್ ಅಲ್ಲ. ನಾವೇ 'ಅಲೋ' ಒತ್ತಿ ಕಾಂಟ್ಯಾಕ್ಟ್ಸ್ ಕೊಡುತ್ತೇವೆ, ಅದು ತೆಗೆದುಕೊಳ್ಳುತ್ತದೆ. ಆಮೇಲೆ ರೇಟಿಂಗ್‌ನ ಪಟ್ಟಿಗಳ ಹಿಂದೆ ಬಿದ್ದೆ. ಐದು ಸ್ಟಾರ್ ಜಾಸ್ತಿ, ಒಂದು ಸ್ಟಾರ್ ಜಾಸ್ತಿ, ನಡುವೆ ಏನೂ ಇಲ್ಲ ಅಂದರೆ ಮೋಸ ಎಂದು ಲೆಕ್ಕ ಹಾಕಿದೆ. ಒಂದು ನೋಟ್‌ಬುಕ್ ತುಂಬ ಬರೆದೆ. ಕೊನೆಗೆ ನೋಡಿದರೆ ಒಳ್ಳೆಯ ಬ್ಯಾಂಕ್ ಆ್ಯಪ್‌ಗಳದ್ದೂ ಅರ್ಧಕ್ಕರ್ಧ ಅದೇ ಆಕಾರ. ಓಟಿಪಿ ಬರದಿದ್ದವರು ಸಿಟ್ಟಲ್ಲಿ ಒಂದು ಕೊಡುತ್ತಾರೆ, ಉಳಿದವರು ಐದು ಒತ್ತಿ ಹೋಗುತ್ತಾರೆ.

ಇನ್ನೊಮ್ಮೆ ಸ್ಟೋರ್‌ನಲ್ಲಿ ಕೊಟ್ಟಿದ್ದ ಡೆವಲಪರ್ ವಿಳಾಸ ಹುಡುಕಿಕೊಂಡು ಅಂಧೇರಿಗೇ ಹೋದೆ. ದಾದರ್‌ನಲ್ಲಿ ಇಳಿದು ಲೈನ್ ಬದಲಾಯಿಸಿ, ಶನಿವಾರದ ಅಂಗಡಿ ಮುಚ್ಚಿ, ಏನಿಲ್ಲವೆಂದರೂ 1,500 ರೂಪಾಯಿ ವ್ಯಾಪಾರ ಕಳೆದುಕೊಂಡೆ. ಅಲ್ಲಿದ್ದಿದ್ದು ಒಬ್ಬ ಸಿಎ ಆಫೀಸು. ಗೋಡೆಯಲ್ಲಿ ಹತ್ತಾರು ಕಂಪನಿ ಬೋರ್ಡು. ಅದರಿಂದ ಏನೂ ಹೇಳಲು ಬರುವುದಿಲ್ಲ, ಸಾಚಾ ಸಣ್ಣ ಕಂಪನಿಗಳೂ ಹಾಗೇ ನೋಂದಣಿ ಮಾಡಿಸುತ್ತವೆ.

ದಾರಿ ಸಿಕ್ಕಿದ್ದು ಕಳೆದ ಮಳೆಗಾಲದಲ್ಲಿ. ಒಬ್ಬ ಸಪ್ಲೈಯರ್ ಹುಡುಗ ಬಂದ. "ಅಣ್ಣಾ, ರೂಮಿನ ಡೆಪಾಸಿಟ್‌ಗೆ 15,000 ಬೇಕು, ಈ ಆ್ಯಪ್ ಹಾಕಿ ಕೊಡಿ" ಎಂದ. 4.5 ಸ್ಟಾರ್, ಹತ್ತು ಲಕ್ಷಕ್ಕೂ ಜಾಸ್ತಿ ಡೌನ್‌ಲೋಡ್. ನಾನು ಶೇರ್ ಒತ್ತಿ ಲಿಂಕನ್ನು ಅಂಗಡಿಯ ಕಂಪ್ಯೂಟರ್‌ನಲ್ಲಿ ತೆರೆದೆ. ಲಿಂಕ್‌ನಲ್ಲಿ `id=` ಆದ ಮೇಲೆ ಇರುವುದು ಪ್ಯಾಕೇಜ್ ಹೆಸರು. ಅದರ ಕೊನೆಯಲ್ಲಿ `qrscanner` ಎಂದಿತ್ತು! ಸಾಲದ ಆ್ಯಪ್‌ಗೆ ಕ್ಯೂಆರ್ ಸ್ಕ್ಯಾನರ್ ಹೆಸರು ಯಾಕೆ?

ಆ್ಯಪ್‌ನ ಹೆಸರು, ಐಕಾನ್, ವಿವರಣೆ ಎಲ್ಲವನ್ನೂ ಡೆವಲಪರ್ ಯಾವಾಗ ಬೇಕಾದರೂ ಬದಲಾಯಿಸಬಹುದು. ಪ್ಯಾಕೇಜ್ ಹೆಸರನ್ನು ಮಾತ್ರ ಒಮ್ಮೆ ಸ್ಟೋರ್‌ಗೆ ಏರಿಸಿದ ಮೇಲೆ ಬದಲಾಯಿಸಲು ಬರುವುದಿಲ್ಲ. ಬೇರೆ ಹೆಸರು ಬೇಕೆಂದರೆ ಹೊಸ ಆ್ಯಪ್ ಹಾಕಬೇಕು, ಆಗ ಡೌನ್‌ಲೋಡ್ ಲೆಕ್ಕ, ರೇಟಿಂಗ್ ಎಲ್ಲ ಸೊನ್ನೆಯಿಂದ ಶುರು. ಆದರೆ ಒಂದು ಆ್ಯಪ್ ಒಬ್ಬ ಡೆವಲಪರ್‌ನ ಅಕೌಂಟ್‌ನಿಂದ ಇನ್ನೊಬ್ಬನಿಗೆ ವರ್ಗವಾದರೆ ರೇಟಿಂಗ್, ರಿವ್ಯೂ ಎಲ್ಲ ಜೊತೆಗೇ ಹೋಗುತ್ತವೆ. ಹಾಗಾಗಿ ಹೆಸರು ಮಾಡಿದ ಹಳೆಯ ಆ್ಯಪ್ ಕೊಂಡುಕೊಂಡು, ಅಪ್‌ಡೇಟ್‌ನಲ್ಲಿ ಸಾಲದ ಅಂಗಡಿ ತೆರೆದರೆ ಸಾಕು.

ರಿವ್ಯೂಗಳನ್ನು ಹೊಸದು ಮೊದಲು ಬರುವ ಹಾಗೆ ಜೋಡಿಸಿ ಕೆಳಗೆ ಇಳಿಯುತ್ತಾ ಹೋದೆ. ಮೇಲಿನ ಒಂದೆರಡು ತಿಂಗಳು "ಗುಡ್ ಲೋನ್", "ನೈಸ್ ಆ್ಯಪ್" ಅಷ್ಟೇ, ಒಂದೇ ರಾತ್ರಿಯಲ್ಲಿ ಮೂವತ್ತು ನಲವತ್ತು. ಮಧ್ಯೆ ಮಧ್ಯೆ ಒಂದು ಸ್ಟಾರ್‌ನ ಬೈಗುಳ. ಅದಕ್ಕೂ ಕೆಳಗೆ ಬರೀ "ಸ್ಕ್ಯಾನ್ ಬೇಗ ಆಗುತ್ತೆ", "ಜಾಹೀರಾತು ಜಾಸ್ತಿ". ಸಾಲ ಎಂಬ ಪದವೇ ಇಲ್ಲ. ಅಂದರೆ ಆ ಹಳೆಯ ರಿವ್ಯೂಗಳೆಲ್ಲ ಬಂದಿದ್ದು ಕ್ಯೂಆರ್ ಸ್ಕ್ಯಾನರ್‌ಗೆ.

ಆದರೂ ಹುಡುಗ ಒಪ್ಪಲಿಲ್ಲ. "ಅಣ್ಣಾ, ಕೆಳಗೆ ಎನ್‌ಬಿಎಫ್‌ಸಿ ಹೆಸರು ಬರೆದಿದ್ದಾರಲ್ಲ" ಎಂದ. ನಿಜ, ವಿವರಣೆಯಲ್ಲಿ ಒಂದು ಅಸಲಿ ಎನ್‌ಬಿಎಫ್‌ಸಿ, ಅಂದರೆ ಬ್ಯಾಂಕ್ ಅಲ್ಲದ ಸಾಲದ ಕಂಪನಿಯ ಹೆಸರಿತ್ತು. ಆರ್‌ಬಿಐ ನೋಂದಣಿ ಇರುವ ಕಂಪನಿಯೇ. ಮೊದಲೆಲ್ಲ ನಾನು ಇಲ್ಲಿಗೇ ನಿಲ್ಲಿಸುತ್ತಿದ್ದೆ, ಅದೇ ನನ್ನ ದೊಡ್ಡ ತಪ್ಪು. ಯಾರ ಹೆಸರನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಈಗ ಉಲ್ಟಾ ಹೋಗುತ್ತೇನೆ. ನಿಮ್ಮ ಕಂಪನಿ ಯಾವುದು ಎಂದು ಆ್ಯಪ್‌ನ ಕೇಳುವುದಿಲ್ಲ, ಈ ಆ್ಯಪ್ ನಿಮ್ಮದಾ ಎಂದು ಕಂಪನಿಯನ್ನು ಕೇಳುತ್ತೇನೆ.

ಸಾಲ ಕೊಡುವ ಬ್ಯಾಂಕ್, ಎನ್‌ಬಿಎಫ್‌ಸಿಗಳು ತಮ್ಮ ಆ್ಯಪ್‌ಗಳ ಪಟ್ಟಿಯನ್ನು ತಮ್ಮ ವೆಬ್‌ಸೈಟ್‌ನಲ್ಲಿ ಹಾಕಬೇಕು ಎಂದು ಆರ್‌ಬಿಐ 2022ರಲ್ಲೇ ಹೇಳಿದೆ. 2025ರ ಜುಲೈಯಿಂದ ಆರ್‌ಬಿಐ ಸೈಟ್‌ನಲ್ಲೂ ಅಂಥ ಒಂದು ಪಟ್ಟಿ ಇದೆ. ಆ ಪಟ್ಟಿ ಕಂಪನಿಗಳು ಕೊಟ್ಟಿದ್ದನ್ನು ಹಾಗೇ ತೋರಿಸುತ್ತದೆ, ಆರ್‌ಬಿಐ ಒಂದೊಂದನ್ನೂ ಪರೀಕ್ಷೆ ಮಾಡಿ ಹಾಕುವುದಿಲ್ಲ. ಅದಕ್ಕೇ ನಾನು ಎರಡನ್ನೂ ನೋಡುತ್ತೇನೆ. ಈ ಆ್ಯಪ್ ಎರಡರಲ್ಲೂ ಇರಲಿಲ್ಲ. ಕಂಪನಿಯ ದೂರು ಅಧಿಕಾರಿಗೆ ಎರಡು ಸಾಲಿನ ಮೇಲ್ ಹಾಕಿದೆ. ನಾಲ್ಕೈದು ದಿನಕ್ಕೆ ಉತ್ತರ ಬಂತು: ನಮಗೂ ಅದಕ್ಕೂ ಸಂಬಂಧವಿಲ್ಲ. ಆ ಮೇಲನ್ನು ಕಲ್ಯಾಣದ ಗೆಳೆಯನಿಗೆ ಕಳಿಸಿದೆ. ಅಂದಿನಿಂದ ಅವನ ಬುದ್ಧಿಮಾತು ನಿಂತಿತು. ಸುಮಾರು ಮೂರು ವಾರಕ್ಕೆ ಆ ಆ್ಯಪ್ ಸ್ಟೋರ್‌ನಿಂದಲೂ ಹೋಯಿತು.

ಪಟ್ಟಿಯಲ್ಲಿ ಹೆಸರು ಇದ್ದರೂ ನಾನು ಸ್ಟೋರ್‌ನಲ್ಲಿ ಹುಡುಕಿ ಹಾಕುವುದಿಲ್ಲ. ಕಂಪನಿಯ ಸೈಟ್‌ನಲ್ಲಿರುವ ಲಿಂಕ್ ಒತ್ತಿಯೇ ಸ್ಟೋರ್‌ಗೆ ಹೋಗಿ, `id=` ಎರಡೂ ಕಡೆ ಒಂದೇನಾ ನೋಡುತ್ತೇನೆ. ಕಣ್ಣನ್ನು ನಂಬಬಾರದು ಎಂದು ಕಲಿಸಿದ್ದು 2017ರ ನಕಲಿ ವಾಟ್ಸಾಪ್. ಅದನ್ನು ಹತ್ತು ಲಕ್ಷಕ್ಕೂ ಹೆಚ್ಚು ಸಲ ಇಳಿಸಿಕೊಂಡಿದ್ದರು. ಡೆವಲಪರ್ ಹೆಸರೂ ಅಸಲಿಯದೇ, ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಅಕ್ಷರ ಮಾತ್ರ ಜಾಸ್ತಿ. ಬ್ರೌಸರ್‌ನಲ್ಲಿ ಡೆವಲಪರ್ ಪುಟದ ಲಿಂಕ್ ನೋಡಿದರೆ ಅದು ಕೊನೆಯಲ್ಲಿ `%C2%A0` ಆಗಿ ಹೀಗೆ ಹೊರಗೆ ಬರುತ್ತಿತ್ತು:

```
WhatsApp+Inc.%C2%A0
```

ನಾನೂ ಒಂದು ಸಂಜೆ ಈ ಪ್ರಯೋಗ ಮಾಡಿದೆ. ನೋಟ್‌ಪ್ಯಾಡ್‌ನಲ್ಲಿ ನನ್ನ ಅಂಗಡಿ ಹೆಸರಿನ ಕೊನೆಗೆ ಆ ಅಕ್ಷರ ಸೇರಿಸಿ, ಎರಡು ಹೆಸರು ಪಕ್ಕಪಕ್ಕ ಇಟ್ಟು ಮಗಳಿಗೆ ತೋರಿಸಿದೆ. ಅವಳಿಗೂ ಗೊತ್ತಾಗಲಿಲ್ಲ.

ಸಮಯ ಇಲ್ಲದಿದ್ದರೆ ಒಂದನ್ನಾದರೂ ಮಾಡಿ. 'ಅಬೌಟ್ ದಿಸ್ ಆ್ಯಪ್' ಒಳಗೆ ಕೊನೆಗೆ ಪರ್ಮಿಷನ್ ಪಟ್ಟಿ ಇರುತ್ತದೆ. ಸಾಲದ ಆ್ಯಪ್ ಕಾಂಟ್ಯಾಕ್ಟ್ಸ್, ಫೋಟೋ ಮುಟ್ಟಬಾರದು ಎಂದು ಗೂಗಲ್ 2023ರ ಮೇ ಕೊನೆಯಿಂದ ನಿಯಮ ಮಾಡಿದೆ. ಅರವತ್ತು ದಿನದೊಳಗೆ ಪೂರ್ತಿ ತೀರಿಸಬೇಕಾದ ಸಾಲವೂ ಸ್ಟೋರ್‌ನಲ್ಲಿ ನಿಷಿದ್ಧ. ಈ ಎರಡರಲ್ಲಿ ಒಂದು ಕಂಡರೂ ಹಾಕಬೇಡಿ. 'ಡೇಟಾ ಸೇಫ್ಟಿ' ಭಾಗವನ್ನು ನೆಚ್ಚಿಕೊಳ್ಳಬೇಡಿ, ಅದನ್ನು ತುಂಬುವವನು ಡೆವಲಪರ್ರೇ.

ಇಲ್ಲಿಯವರೆಗೆ ಅಂದಾಜು ಅರವತ್ತು ಆ್ಯಪ್ ನೋಡಿರಬಹುದು. ಇಪ್ಪತ್ತಮೂರೋ ಇಪ್ಪತ್ನಾಲ್ಕೋ ಬೇಡ ಎಂದೆ. ಅದರಲ್ಲಿ ಹದಿನೆಂಟು ಹತ್ತೊಂಬತ್ತು ಈಗ ಸ್ಟೋರ್‌ನಲ್ಲಿಲ್ಲ. ಒಂದಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ, 50 ರೂಪಾಯಿ ತೆಗೆದುಕೊಳ್ಳುತ್ತೇನೆ, ಹೋಟೆಲ್ ಹುಡುಗರಿಗೆ ಪುಕ್ಕಟೆ. ರಿವ್ಯೂ ಬರೆದವರ ಹೆಸರಲ್ಲಿ ನಾನು ಹಿಡಿಯುವ ಒಂದು ಗುರುತು ಇದೆ. ಅದನ್ನು ಇಲ್ಲಿ ಬರೆದರೆ ರಿವ್ಯೂ ಮಾರುವವರೂ ಓದುತ್ತಾರೆ, ಅಂಗಡಿಗೆ ಬಂದರೆ ಹೇಳುತ್ತೇನೆ.

ಐಫೋನ್‌ಗೆ ಪ್ಯಾಕೇಜ್ ಹೆಸರಿನ ಉಪಾಯ ನಡೆಯುವುದಿಲ್ಲ, ಅಲ್ಲಿ ಲಿಂಕ್‌ನಲ್ಲಿ ಇರುವುದು ಬರೀ ಸಂಖ್ಯೆ. ಅಂಥವರು ಬಂದರೆ ಎನ್‌ಬಿಎಫ್‌ಸಿ ಸೈಟ್‌ನಿಂದಲೇ ಶುರು ಮಾಡುತ್ತೇನೆ. ಆ ಸಪ್ಲೈಯರ್ ಹುಡುಗ ಕೊನೆಗೆ ಹೋಟೆಲ್ ಮಾಲೀಕರ ಹತ್ತಿರವೇ ಮುಂಗಡ ಕೇಳಿದ. 12,000 ಕೊಟ್ಟರು, ತಿಂಗಳಿಗೆ 2,000 ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ.