ಆಷಾಢದ ಗಾಳಿಲಿ ಈರುಳ್ಳಿಗೆ ಎಷ್ಟು ನೀರು? ತಟ್ಟೆ ಇಟ್ಟು ಲೆಕ್ಕ ಹಾಕಿ

ಚಳ್ಳಕೆರೆ, ಹಿರಿಯೂರು ಕಡೆ ಪ್ರತಿ ವರ್ಷ ನೋಡ್ತೀನಿ. ಆಷಾಢದಲ್ಲಿ ಮೋಡ ಇರುತ್ತೆ, ಮಳೆ ಬರಲ್ಲ, ಗಾಳಿ ಮಾತ್ರ ತಲೆ ಮೇಲಿನ ಟವಲ್ ಹಾರಿಸ್ಕೊಂಡು ಹೋಗುತ್ತೆ. ಅರ್ಧ ಜನ ತಣ್ಣಗಿದೆ ಅಂತ ಸ್ಪ್ರಿಂಕ್ಲರ್ ಬಂದ್ ಮಾಡ್ತಾರೆ, ಇನ್ನರ್ಧ ಜನ ಗಾಳಿಗೆ ಹೆದರಿ ಕರೆಂಟ್ ಇದ್ದಷ್ಟು ಹೊತ್ತೂ ಬಿಡ್ತಾರೆ. ಎರಡೂ ತಪ್ಪೇ.

ಮಣ್ಣಿಂದ ಆವಿ ಆಗೋ ನೀರು, ಎಲೆಯಿಂದ ಆವಿ ಆಗೋ ನೀರು, ಎರಡೂ ಸೇರಿಸಿದ್ರೆ ಇವಾಪೊಟ್ರಾನ್ಸ್‌ಪಿರೇಶನ್, ಚಿಕ್ಕದಾಗಿ ಇಟಿ. ಬಿಸಿಲು ಶಕ್ತಿ ಕೊಡುತ್ತೆ, ಗಾಳಿ ಎಲೆ ಸುತ್ತ ಇರೋ ತೇವದ ಗಾಳಿನ ಒಯ್ದು ಒಣಗಾಳಿ ತಂದಿಡುತ್ತೆ. ಅದಕ್ಕೇ ಮೋಡ ಇದ್ರೂ ನೀರು ಹೋಗ್ತಾನೇ ಇರುತ್ತೆ.

ಇದನ್ನ ಅಳೆಯಕ್ಕೆ ಮೊದಲು ತಟ್ಟೆ. 121 ಸೆಂಮೀ ಅಗಲ, 25 ಸೆಂಮೀ ಆಳದ ಜಿಐ ತಟ್ಟೆನ ವೆಲ್ಡಿಂಗ್ ಶಾಪಲ್ಲಿ ಮಾಡಿಸಿ, ಕ್ಲಾಸ್ ಎ ಪ್ಯಾನ್ ಅನ್ನೋದು ಇದೇ. ಕೆಳಗೆ ಗಾಳಿ ಆಡೋ ಹಂಗೆ ಮರದ ಚೌಕಟ್ಟಿನ ಮೇಲೆ, ನೆಲದಿಂದ 15 ಸೆಂಮೀ ಎತ್ತರದಲ್ಲಿ, ಬೆಳೆ ಹತ್ರಾನೇ ಇಡಿ. ತಾರಸಿ ಮೇಲೂ ಬೇಡ, ಗೋಡೆ ಮರೆಗೂ ಬೇಡ. ಅಂಚಿಂದ 5 ಸೆಂಮೀ ಕೆಳಗೆ ಒಂದು ಮೊಳೆ ತುದಿ ಗುರುತಿಗೆ ಇಟ್ಕೊಂಡು ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಆ ತುದಿ ಮುಟ್ಟೋ ತನಕ ಅಳತೆ ಜಗ್ಗಲ್ಲಿ ನೀರು ಹಾಕಿ. ಸ್ಕೇಲ್ ಇಳಿಸಿ ಕಣ್ಣಳತೆ ಮಾಡಕ್ಕೆ ಹೋಗ್ಬೇಡಿ, ಗಾಳಿಗೆ ನೀರು ಅಲುಗಾಡ್ತಾ ಇರುತ್ತೆ, 2 ಮಿಮೀ ಆ ಕಡೆ ಈ ಕಡೆ ಆಗೇ ಆಗುತ್ತೆ. ಈ ತಟ್ಟೆಗೆ 1.15 ಲೀಟರ್ ಹಿಡಿದ್ರೆ 1 ಮಿಮೀ ಆವಿ ಆಗಿದೆ ಅಂತ. 9.2 ಲೀಟರ್ ಹಿಡಿದ್ರೆ 8 ಮಿಮೀ. ಒಂದಿನ ಇದ್ದಕ್ಕಿದ್ದಂಗೆ 15 ಬಂತು ಅಂದ್ರೆ ಹವಾಮಾನ ಕೆಟ್ಟಿಲ್ಲ, ಯಾರದೋ ಎಮ್ಮೆ ನೀರು ಕುಡಿದು ಹೋಗಿದೆ ಅಷ್ಟೇ.

ಇಲ್ಲಿಂದ ಮುಂದೆ ಎಲ್ರೂ ಎಡವೋ ಜಾಗ. ಗಾಳಿ ಎಷ್ಟೇ ಇರ್ಲಿ ತಟ್ಟೆ ಲೆಕ್ಕನ ಬೆಳೆ ಲೆಕ್ಕಕ್ಕೆ ತರಕ್ಕೆ 0.8 ಅನ್ನೋ ಒಂದೇ ಗುಣಕದಿಂದ ಗುಣಿಸಿ ಮುಗಿಸ್ತಾರೆ. ತಟ್ಟೆ ನೀರಿಗೆ ತಡೆ ಇಲ್ಲ, ಪಕ್ಕದ ತಗಡೂ ಕಾಯುತ್ತೆ, ಗಾಳಿ ಜೋರಾದಷ್ಟೂ ಅದು ಬೆಳೆಗಿಂತ ಜಾಸ್ತಿ ಕಳ್ಕೊಳ್ಳುತ್ತೆ. ಗಿಡ ಹಂಗಲ್ಲ, ಎಲೆ ರಂಧ್ರದಿಂದ ನೀರು ಬಿಡೋದು, ಬೇಕಾದಾಗ ಅದನ್ನ ಮುಚ್ಕೊಳ್ಳುತ್ತೆ. ಅದಕ್ಕೆ ಗಾಳಿ ಏರಿದ್ರೆ ಗುಣಕ ಇಳಿಬೇಕು. ಸುತ್ತ ಹತ್ತು ಮೀಟರ್ ಹಸಿರಿದ್ದು ಗಾಳಿಲಿ ತೇವ ಮಧ್ಯಮ ಇದ್ರೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒ ಪಟ್ಟಿ ಪ್ರಕಾರ ಮೆಲುಗಾಳಿಗೆ 0.75, ಸಾಧಾರಣಕ್ಕೆ 0.70, ಜೋರು ಗಾಳಿಗೆ 0.60. ಮೊಬೈಲ್ ಆ್ಯಪ್ ತೋರ್ಸೋದು ಸಾಮಾನ್ಯವಾಗಿ ಹತ್ತು ಮೀಟರ್ ಎತ್ತರದ ಗಾಳಿ, ಅದ್ರಲ್ಲಿ ಗಂಟೆಗೆ 24 ಕಿಮೀ ದಾಟಿದ್ರೆ ಜೋರು ಅಂತ ಹಿಡಿರಿ, 10 ಕಿಮೀಗಿಂತ ಕಡಿಮೆ ಇದ್ರೆ ಮೆಲು.

ಈಗ ಒಂದು ಎಕರೆ ಈರುಳ್ಳಿ, ಗಡ್ಡೆ ಕಟ್ಟೋ ಹೊತ್ತು, ಕೆಂಪು ಮಣ್ಣು ಅಂತ ಇಟ್ಕೊಳ್ಳಿ. ತಟ್ಟೆ 8 ಮಿಮೀ, ಗಾಳಿ ಜೋರು: 8ನ್ನ 0.60ರಿಂದ ಗುಣಿಸಿದ್ರೆ 4.8. ಇದನ್ನ ಬೆಳೆಗೂ ಅದರ ಹಂತಕ್ಕೂ ತಕ್ಕ ಬೆಳೆ ಗುಣಕದಿಂದ ಮತ್ತೆ ಗುಣಿಸ್ಬೇಕು, ಈ ಹಂತದ ಈರುಳ್ಳಿಗೆ ಅದು 1.05, ಅಲ್ಲಿಗೆ ದಿನಕ್ಕೆ ಸುಮಾರು 5 ಮಿಮೀ. ಕಣ್ಣು ಮುಚ್ಕೊಂಡು 0.8 ಹಾಕಿದ್ರೆ 6.7 ಬರ್ತಿತ್ತು. ಎಳೆ ಸಸಿಗೆ ಬೆಳೆ ಗುಣಕ 0.7 ಸಾಕು.

ಎಷ್ಟು ದಿನಕ್ಕೊಂದ್ಸಲ ಅನ್ನೋದನ್ನ ಬೇರು ಹೇಳುತ್ತೆ. ಈರುಳ್ಳಿ ಬೇರು ಮೇಲ್ಮೇಲೆ ಇರೋದು, ಒಂದಡಿ ಕೆಂಪು ಮಣ್ಣು ಗಿಡಕ್ಕೆ ಸಿಗೋ ನೀರು ಸುಮಾರು 30 ಮಿಮೀ ಹಿಡಿಯುತ್ತೆ, ಅದ್ರಲ್ಲಿ ಮೂರರಲ್ಲೊಂದು ಪಾಲು ಖರ್ಚಾಗೋಷ್ಟರಲ್ಲಿ ಮತ್ತೆ ಕೊಡ್ಬೇಕು. ಅಂದ್ರೆ ಎರಡು ದಿನಕ್ಕೊಂದ್ಸಲ 10 ಮಿಮೀ. ಎರೆ ಮಣ್ಣಾದ್ರೆ ಮೂರು ದಿನಕ್ಕೊಂದ್ಸಲ 15. ಕೆಂಪು ಮಣ್ಣಲ್ಲಿ ನಾಲ್ಕು ದಿನದ್ದು ಒಟ್ಟಿಗೆ ಬಿಟ್ರೆ ಬೇರಿಗಿಂತ ಕೆಳಗೆ ಇಳ್ದು ಹೋಗುತ್ತೆ, ಗೊಬ್ಬರಾನೂ ಕರ್ಕೊಂಡು.

ಎಕರೆಗೆ 10 ಮಿಮೀ ಅಂದ್ರೆ ಹತ್ರತ್ರ 40,500 ಲೀಟರ್. ಸ್ಪ್ರಿಂಕ್ಲರಲ್ಲಿ ಕಾಲು ಭಾಗ ಪೋಲು ಅಂತ ಹಿಡಿದ್ರೆ ಬೋರಿಂದ 54,000 ಎತ್ತಬೇಕು. 200 ಲೀಟರ್ ಡ್ರಮ್ ಒಂದು ನಿಮಿಷಕ್ಕೆ ತುಂಬೋ ಬೋರಾದ್ರೆ ನಾಲ್ಕೂವರೆ ಗಂಟೆ. ಮಧ್ಯಾಹ್ನದ ಗಾಳಿಲಿ ಓಡಿಸಿದ್ರೆ ಪೋಲು ಇನ್ನೂ ಜಾಸ್ತಿ, ನೀರು ಪಕ್ಕದವರ ಹೊಲಕ್ಕೆ ಹೋಗುತ್ತೆ. ರಾತ್ರಿ ತ್ರೀಫೇಸ್ ಬಂದಾಗಲೇ ಬಿಡಿ, ನಿದ್ದೆಗೆಟ್ರೂ ಪರವಾಗಿಲ್ಲ.

ಮಣ್ಣಿಗೆ ಚುಚ್ಚೋ ಅಗ್ಗದ ಮೀಟರ್ ದಯವಿಟ್ಟು ತಗೋಬೇಡಿ, ನಾನು ಎರಡು ತಗೊಂಡು ಹಾಳು ಮಾಡ್ಕೊಂಡೆ. ಗೊಬ್ಬರದ ಉಪ್ಪಿಗೂ ಅದರ ಮುಳ್ಳು ಏರುತ್ತೆ. ಬದಲಿಗೆ ಗೇಣುದ್ದ ಅಗೆದು ಬೇರಿನ ಹತ್ರದ ಮಣ್ಣು ಮುಷ್ಟಿಲಿ ಹಿಂಡಿ: ಉಂಡೆ ಆಗದೆ ಪುಡಿ ಉದುರಿದ್ರೆ ತಡ ಮಾಡಿದ್ದೀರಿ, ಅಂಗೈಗೆ ನೀರು ಮೆತ್ತಿದ್ರೆ ಜಾಸ್ತಿ ಬಿಟ್ಟಿದ್ದೀರಿ. ಎಲೆ ತುದಿ ಒಣಗಿದೆ ಅಂತ ನೀರು ಬಿಡೋ ಮುಂಚೆ ಸುಳಿ ಬಿಡಿಸಿ ನೋಡಿ, ಒಣ ಗಾಳಿಲಿ ಥ್ರಿಪ್ಸ್ ನುಸಿ ಕೂತಿದ್ರೂ ತುದಿ ಹಂಗೇ ಒಣಗುತ್ತೆ, ಅದು ನೀರಿಂದ ಹೋಗೋ ಕಾಯಿಲೆ ಅಲ್ಲ.