ಬಿಜೈ ಫ್ಲಾಟುಗಳಿಗೆ ಮಧ್ಯಾಹ್ನ ಹೋಗುವುದನ್ನು ಬಿಟ್ಟೆವು

ಮಂಗಳೂರಿನಲ್ಲಿ ಒಂದು ಸಣ್ಣ ಪಾರ್ಸೆಲ್ ಹಬ್ ನೋಡಿಕೊಳ್ಳುತ್ತೇನೆ. ಹಂಪನಕಟ್ಟೆ, ಕದ್ರಿ, ಬಿಜೈ ನಮ್ಮ ಏರಿಯಾ. ಮೊದಲೆಲ್ಲ ಆ್ಯಪ್ ಕೊಟ್ಟ ಕ್ರಮದಲ್ಲೇ ರೈಡರ್‌ಗಳು ಹೊರಡುತ್ತಿದ್ದರು. ದೂರ ಕಡಿಮೆ, ಪೆಟ್ರೋಲ್ ಉಳಿತಾಯ. ಆದರೂ ಸಂಜೆಗೆ ಚೀಲದಲ್ಲಿ ಪಾರ್ಸೆಲ್ ಉಳಿದೇ ಇರುತ್ತಿತ್ತು.

ಲೆಕ್ಕ ಸುಲಭವಾಗಲಿ ಎಂದು ದುಂಡು ಸಂಖ್ಯೆ ತೆಗೆದುಕೊಳ್ಳೋಣ. ಒಬ್ಬ ರೈಡರ್‌ಗೆ ದಿನಕ್ಕೆ ಸಂಬಳ, ಪೆಟ್ರೋಲ್ ಎಲ್ಲ ಸೇರಿ 900 ರೂಪಾಯಿ ಖರ್ಚು. ಕೈಯಲ್ಲಿ 60 ಪಾರ್ಸೆಲ್. 60ರಿಂದ ಭಾಗಿಸಿದರೆ ಒಂದಕ್ಕೆ 15 ರೂಪಾಯಿ. ಆದರೆ ತಲುಪಿದ್ದು 48 ಮಾತ್ರ. ಹಾಗಾಗಿ ನಿಜವಾದ ಖರ್ಚು 18.75. ಉಳಿದ 12 ನಾಳೆ ಮತ್ತೆ ಚೀಲ ಸೇರಿ ಹೊಸ ಪಾರ್ಸೆಲ್‌ನ ಜಾಗ ತಿನ್ನುತ್ತವೆ.

ಆ್ಯಪಿನಲ್ಲಿ ವಾಪಸ್ ಬಂದದ್ದಕ್ಕೆಲ್ಲ ಒಂದೇ ಕಾರಣ: ‘ಗ್ರಾಹಕರು ಸಿಗಲಿಲ್ಲ’. ಅದರಿಂದ ಏನೂ ತಿಳಿಯುವುದಿಲ್ಲ. ನಾವು ಪುಸ್ತಕದಲ್ಲಿ ಎರಡೇ ವಿಷಯ ಬರೆಯತೊಡಗಿದೆವು: ಹೋದ ಗಂಟೆ, ಕಟ್ಟಡದ ಬಗೆ. ವಿಷಯ ಸ್ಪಷ್ಟವಾಯಿತು. ಬೀಗ ಹಾಕಿದ್ದ ಬಾಗಿಲುಗಳಲ್ಲಿ ಹೆಚ್ಚಿನವು ಬಿಜೈ, ಕದ್ರಿಯ ಫ್ಲಾಟುಗಳವು, 11ರಿಂದ 4ರ ಒಳಗೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳು. ಅದೇ ಕದ್ರಿಯ ಹಳೇ ಹೆಂಚಿನ ಮನೆಗಳಲ್ಲಿ ಅಜ್ಜನೋ ಅಜ್ಜಿಯೋ ಯಾವಾಗಲೂ ಇರುತ್ತಾರೆ, ಅಲ್ವಾ?

ಆಮೇಲೆ ದಿನವನ್ನು ಎರಡು ಭಾಗ ಮಾಡಿದೆವು. ಬೆಳಗ್ಗೆ 10ರಿಂದ ಹಂಪನಕಟ್ಟೆ ಮತ್ತು ಕೆ.ಎಸ್. ರಾವ್ ರಸ್ತೆಯ ಅಂಗಡಿ, ಆಫೀಸು. ಅಲ್ಲಿ ಬೈಕನ್ನು ಒಂದೇ ಕಡೆ ನಿಲ್ಲಿಸಿ ನಡೆದೇ ಐದಾರು ಕಡೆ ಕೊಡುವುದು. ಪ್ರತಿ ಬಾಗಿಲಿಗೂ ಪಾರ್ಕಿಂಗ್ ಹುಡುಕಿದರೆ ಓಡಿಸುವುದಕ್ಕಿಂತ ನಿಲ್ಲಿಸುವುದಕ್ಕೇ ಜಾಸ್ತಿ ಹೊತ್ತು ಹೋಗುತ್ತದೆ. ನಂತರ ಹಳೇ ಮನೆಗಳು. ಮಧ್ಯಾಹ್ನ ದೊಡ್ಡ ಬಿಡುವು. ಫ್ಲಾಟುಗಳಿಗೆ ಸಂಜೆ 5.30ರಿಂದ 8.30. ಗ್ರಾಹಕರಿಗೆ ಎರಡು ಗಂಟೆಯ ಅವಧಿ ಹೇಳುತ್ತೇವೆ. ಒಂದೇ ಗಂಟೆ ಎಂದರೆ ಒಂದು ಲಿಫ್ಟ್ ಕೆಟ್ಟರೂ ಮುಂದಿನವರಿಗೆಲ್ಲ ತಡ.

ಒಂದೇ ಏರಿಯಾಕ್ಕೆ ಎರಡು ಸಲ ಹೋಗುವುದರಿಂದ ಪೆಟ್ರೋಲ್ ಹೆಚ್ಚಾಗುತ್ತದೆ. ಮೇಲಿನ ಲೆಕ್ಕಕ್ಕೆ 50 ರೂಪಾಯಿ ಸೇರಿಸಿ, 55 ಪಾರ್ಸೆಲ್ ತಲುಪಿತು ಎಂದುಕೊಳ್ಳಿ. 950 ಭಾಗಿಸು 55, ಅಂದರೆ 17 ರೂಪಾಯಿ ಚಿಲ್ಲರೆ. ಕಿಲೋಮೀಟರ್ ಏರಿತು, ಖರ್ಚು ಇಳಿಯಿತು.

ಪ್ಲಾನ್ ತಪ್ಪಿದ್ದು ರೈಡರ್‌ನಿಂದಲೇ ಗೊತ್ತಾಗುತ್ತದೆ. ಅವನು ಸುಮ್ನೆ ಕ್ರಮ ಬದಲಿಸುವುದಿಲ್ಲ. ನಂತೂರು ಕಡೆ ಸಂಜೆ ವಾಹನ ನಿಂತುಬಿಡುತ್ತದೆ ಎಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಬದಲಿಸಿದ ದಿನ ಯಾಕೆಂದು ಕೇಳಿ ಬರೆದುಕೊಳ್ಳುತ್ತೇನೆ.

ಇದಕ್ಕೂ ಮಿತಿ ಇದೆ. ಮೂರು ಗಂಟೆಯಲ್ಲಿ ಒಬ್ಬನಿಗೆ 25 ಫ್ಲಾಟ್ ದಾಟುವುದು ಕಷ್ಟ. ಜೂನ್, ಜುಲೈ ಮಳೆಯಲ್ಲಿ ಇನ್ನೂ ಕಡಿಮೆ ಹಿಡಿಯಬೇಕು. ಹಬ್ಬದ ಸೀಸನ್‌ನಲ್ಲಿ ಫ್ಲಾಟಿನ ಪಾರ್ಸೆಲ್ ಅದಕ್ಕಿಂತ ಹೆಚ್ಚಾದರೆ ಸಂಜೆಗೆ ಮಾತ್ರ ಇನ್ನೊಬ್ಬ ಹುಡುಗನನ್ನು ಕರೆಯುತ್ತೇವೆ.