ಊಟದ ನಂತರದ ಸಭೆಯಲ್ಲಿ ಅತಿಥಿ ಪರಿಚಯ

ಹಾವೇರಿ ಕಡೆಯ ರೈತರ ಕಾರ್ಯಾಗಾರಗಳಲ್ಲಿ ನಿರೂಪಣೆ ಮಾಡುತ್ತೇನೆ. ರೊಟ್ಟಿ ಊಟ ಮುಗಿದು ಅತಿಥಿ ಪರಿಚಯ ಶುರುವಾದರೆ ತಲೆಗಳು ತೂಗುತ್ತಿದ್ದವು. ಮೈಕ್ ಜೋರು ಮಾಡಿದರೂ, ಮೊದಲೇ ಚಹಾ ಕೊಟ್ಟರೂ ಉಪಯೋಗ ಆಗಲಿಲ್ಲ. ಪದವಿ, ಪ್ರಶಸ್ತಿಗಳ ಪಟ್ಟಿ ಓದಿದರಂತೂ ನಿದ್ದೆ ಜಾಸ್ತಿ.

ಕೆಲಸ ಮಾಡಿದ್ದು ಈ ಕ್ರಮ. ನಮಸ್ಕಾರಕ್ಕೂ ಮುಂಚೆ ಬ್ಯಾಡಗಿ ಮೆಣಸಿನಕಾಯಿ ಎತ್ತಿ ಹಿಡಿದು ಕೇಳಿದೆ: "ಇಷ್ಟು ಕೆಂಪಗಿದೆ, ಖಾರ ಯಾಕೆ ಕಮ್ಮಿ? ಕೆಂಪಾದಷ್ಟೂ ಖಾರ ಅನ್ನುವವರು ಕೈ ಎತ್ತಿ." ಮೂರು ಸೆಕೆಂಡ್ ಸುಮ್ನೆ ನಿಂತೆ. ಕೈ ಎತ್ತಲು ಮೈ ಅಲುಗಾಡಲೇಬೇಕು, ಅಲ್ವಾ? ಕೈಗಳು ಇಳಿಯುವ ಮೊದಲೇ ಚುರುಕಾಗಿ ಎರಡೇ ವಾಕ್ಯ: "ಉತ್ತರ ಬಲ್ಲವರು ಇಲ್ಲೇ ಇದ್ದಾರೆ. ಮೆಣಸಿನಕಾಯಿ ತಳಿಗಳ ಮೇಲೇ ಕೆಲಸ ಮಾಡಿದವರು." ಹೆಸರು ಕೊನೆಗೆ, ದನಿ ಏರಿಸಿ. ಒಟ್ಟು ಒಂದು ನಿಮಿಷ ದಾಟಬಾರದು.

ಉತ್ತರ ನಾವು ಹೇಳಬಾರದು. ಪ್ರಶ್ನೆಯನ್ನು ಊಟಕ್ಕೂ ಮೊದಲೇ ಅತಿಥಿಗೆ ತಿಳಿಸಿಡಿ, ಅವರು ಅಲ್ಲಿಂದಲೇ ಮಾತು ಶುರು ಮಾಡುತ್ತಾರೆ.